ಹೊಸ ಕಮೋಡ್ ಕೂರುತ್ತಿಲ್ಲ, ಸೋರುತ್ತಿದೆ: ರಫ್-ಇನ್ ಮತ್ತು ಔಟ್‌ಲೆಟ್ ದೋಷ ಪತ್ತೆ ಮಾಡುವ ಬಗೆ

ಹಳೆಯ ಪೈಪ್‌ನ ಮೇಲೆ ಹೊಸ ಕಮೋಡ್ ಕೂರಿಸಿದಾಗ ಬರುವ ದೂರುಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಫ್ಲಶ್ ಟ್ಯಾಂಕ್ ಗೋಡೆಗೆ ತಾಗುತ್ತದೆ, ಬುಡ ಅಲ್ಲಾಡುತ್ತದೆ, ಫ್ಲಶ್ ಮಾಡಿದಾಗ ಬುಡದಿಂದ ನೀರು ಜಿನುಗುತ್ತದೆ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ಅಥವಾ ನೀರು ಬಟ್ಟಲಿನಲ್ಲಿ ಮೇಲೇರಿ ನಿಧಾನವಾಗಿ ಇಳಿಯುತ್ತದೆ. ಇವು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಕಮೋಡ್ ಹೊಸದಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಒಂದನ್ನೇ: ಕಮೋಡ್‌ನ ಹೊರಬಾಯಿಯೂ ಮನೆಯ ಪೈಪ್‌ನ ಬಾಯಿಯೂ ಎದುರುಬದುರಾಗಿ ಕೂತಿವೆಯೇ? ಪಿಂಗಾಣಿಯಲ್ಲೇ ದೋಷವಿರುವುದು ಅಪರೂಪ. ಅಳತೆ ತಪ್ಪಿರುವುದು ಬಹಳ ಸಾಮಾನ್ಯ.

ಯಾವ ಅಳತೆ ಯಾವುದಕ್ಕೆ

ಕಮೋಡ್‌ನ ಒಳಗೇ ಒಂದು ಬಾಗು ಇರುತ್ತದೆ. ಅದರಲ್ಲಿ ಸದಾ ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯುತ್ತದೆ. ಆ ಬಾಗಿನಾಚೆಯ ಬಾಯಿ ನೇರ ಕೆಳಗೆ, ನೆಲದೊಳಗೆ ಇಳಿದರೆ ಅದು ಎಸ್-ಟ್ರ್ಯಾಪ್. ಬಾಯಿ ಹಿಂದಕ್ಕೆ, ಗೋಡೆಯ ಕಡೆ ಹೊರಟರೆ ಪಿ-ಟ್ರ್ಯಾಪ್. ನೆಲದಲ್ಲಿ ಪೈಪ್ ಇದ್ದರೆ ಎಸ್, ಗೋಡೆಯಲ್ಲಿ ಇದ್ದರೆ ಪಿ. ಇಷ್ಟನ್ನು ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ತಪ್ಪಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ.

ಎಸ್-ಟ್ರ್ಯಾಪ್‌ಗೆ ಬೇಕಾದದ್ದು ರಫ್-ಇನ್, ಅಂದರೆ ಟೈಲ್ಸ್ ಹಾಕಿ ಮುಗಿದ ಹಿಂಗೋಡೆಯ ಮುಖದಿಂದ ನೆಲದ ಪೈಪ್‌ನ ನಡುಬಿಂದುವಿಗೆ ಇರುವ ದೂರ. ಹೆಚ್ಚಾಗಿ ಸಿಗುವ ಅಳತೆಗಳು 100, 225 ಮತ್ತು 300 ಮಿ.ಮೀ. ಇವನ್ನೇ ಮಾತಿನಲ್ಲಿ ನಾಲ್ಕು, ಒಂಬತ್ತು, ಹನ್ನೆರಡು ಇಂಚು ಎನ್ನುತ್ತಾರೆ. ಪಿ-ಟ್ರ್ಯಾಪ್‌ಗೆ ಗೋಡೆಯಿಂದ ದೂರ ಅಲ್ಲ, ಎತ್ತರ ಮುಖ್ಯ: ಟೈಲ್ಸ್ ಹಾಕಿದ ನೆಲದಿಂದ ಪೈಪ್‌ನ ನಡುಬಿಂದುವಿಗೆ ಎಷ್ಟು ಎಂಬುದು. ನೆಲದ ಮೇಲೆ ನಿಲ್ಲುವ ಕಮೋಡ್‌ಗಳಲ್ಲಿ ಇದು ಸಾಮಾನ್ಯವಾಗಿ 180 ಮಿ.ಮೀ. ಆಸುಪಾಸು. ಗೋಡೆಗೆ ತೂಗುಹಾಕುವ ಕಮೋಡ್‌ಗಳಲ್ಲಿ ಬಾಯಿ ಇನ್ನೂ ಮೇಲಿರುತ್ತದೆ, ಹೆಚ್ಚಾಗಿ 220ರಿಂದ 230. ಹೀಗಾಗಿ "ಎರಡೂ ಪಿ-ಟ್ರ್ಯಾಪ್ ತಾನೇ" ಎಂದುಕೊಂಡು ಒಂದರ ಜಾಗಕ್ಕೆ ಇನ್ನೊಂದನ್ನು ತಂದರೆ ಪೈಪ್ ಮತ್ತು ಬಾಯಿ ನಾಲ್ಕೈದು ಸೆಂ.ಮೀ. ಹೆಚ್ಚುಕಡಿಮೆಯಾಗಿ ನಿಲ್ಲುತ್ತವೆ.

ಸರಿಯಾಗಿ ಅಳೆಯುವುದು

ಹಳೆಯ ಕಮೋಡ್ ತೆಗೆದಿದ್ದರೆ ಕೆಲಸ ಸುಲಭ. ಪೈಪ್‌ನ ನಡುಬಿಂದುವನ್ನು ಕಣ್ಣಳತೆಯಲ್ಲಿ ಹುಡುಕಬೇಡಿ. ಗೋಡೆಯ ಟೈಲ್‌ನಿಂದ ಪೈಪ್‌ನ ಹತ್ತಿರದ ಒಳಅಂಚಿಗೆ ಒಂದು ಅಳತೆ, ದೂರದ ಒಳಅಂಚಿಗೆ ಇನ್ನೊಂದು ಅಳತೆ ತೆಗೆದು ಎರಡನ್ನೂ ಕೂಡಿಸಿ ಅರ್ಧ ಮಾಡಿ. ಹತ್ತಿರದ ಅಂಚು 180, ದೂರದ ಅಂಚು 280 ಇದ್ದರೆ ರಫ್-ಇನ್ 230.

ಟೇಪನ್ನು ಗೋಡೆಯ ಬುಡದ ಪಟ್ಟಿಗೆ ಒತ್ತಿ ಹಿಡಿಯಬೇಡಿ, ಟೈಲ್ ಮುಖಕ್ಕೆ ಹಿಡಿಯಿರಿ. ಇನ್ನೊಂದು ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಗೋಡೆಗೆ ತಾಗುವುದು ಕಮೋಡ್‌ನ ಬುಡವಲ್ಲ, ಮೇಲಿರುವ ಟ್ಯಾಂಕ್. ಗೋಡೆ ಸ್ವಲ್ಪ ಮುಂದಕ್ಕೆ ವಾಲಿದ್ದರೆ ಅಥವಾ ಆ ಎತ್ತರದಲ್ಲಿ ಉಬ್ಬಿದ ಟೈಲ್ ಪಟ್ಟಿಯಿದ್ದರೆ ನೆಲಮಟ್ಟದ ಅಳತೆ ಸುಳ್ಳಾಗುತ್ತದೆ. ಟ್ಯಾಂಕ್ ಬರುವ ಎತ್ತರದಿಂದ ತೂಗುಗುಂಡು ಇಳಿಬಿಟ್ಟು ಅಲ್ಲಿಂದಲೂ ಅಳೆಯಿರಿ. ಸಿಕ್ಕ ಅಳತೆಗಳಲ್ಲಿ ಅತಿ ಚಿಕ್ಕದ್ದೇ ನಿಮ್ಮ ನಿಜವಾದ ರಫ್-ಇನ್.

ಹಳೆಯ ಕಮೋಡ್ ಇನ್ನೂ ಕೂತಿದ್ದರೆ ಅದರ ಬುಡದ ಬೋಲ್ಟ್‌ಗಳನ್ನು ನೋಡಿ ಅಳೆಯುವ ರೂಢಿಯಿದೆ. ಪೈಪ್‌ನ ಬಾಯಿಗೆ ಫ್ಲೇಂಜ್, ಅಂದರೆ ಬೋಲ್ಟ್ ಕೂರಿಸುವ ಅಗಲ ಅಂಚಿನ ಉಂಗುರ, ಇದ್ದು ಬೋಲ್ಟ್‌ಗಳು ಆ ಫ್ಲೇಂಜ್‌ನಿಂದಲೇ ಮೇಲೆ ಬಂದಿದ್ದರೆ ಮಾತ್ರ ಇದು ಸರಿ. ಆಗ ಎರಡೂ ಬೋಲ್ಟ್‌ಗಳನ್ನು ಸೇರಿಸುವ ಗೆರೆ ಪೈಪ್‌ನ ನಡುವೆಯೇ ಹಾಯುತ್ತದೆ. ನಾಲ್ಕು ಬೋಲ್ಟ್ ಇದ್ದರೆ ಹಿಂದಿನ ಜೋಡಿಯನ್ನು ಹಿಡಿಯಿರಿ. ಆದರೆ ಕಮೋಡನ್ನು ನೇರವಾಗಿ ನೆಲಕ್ಕೆ ರಂಧ್ರ ಕೊರೆದು ಸ್ಕ್ರೂ ಮಾಡಿದ್ದರೆ ಆ ಸ್ಕ್ರೂಗಳಿಗೂ ಪೈಪ್‌ಗೂ ಸಂಬಂಧವೇ ಇಲ್ಲ. ಅಂಥ ಕಡೆ ಹಳೆಯದನ್ನು ತೆಗೆದು ಅಳೆಯುವವರೆಗೆ ಹೊಸದನ್ನು ಕೊಳ್ಳದಿರುವುದೇ ಒಳ್ಳೆಯದು.

ಹೊಸ ಟೈಲ್ಸ್ ಹಾಕಿಸುವ ಯೋಚನೆ ಇದ್ದರೆ ಈಗಲೇ ಲೆಕ್ಕ ಹಿಡಿಯಿರಿ. ಹಳೆಯ ಗೋಡೆಯ ಮೇಲೆ ಗಾರೆ ಮತ್ತು ಟೈಲ್ ಸೇರಿ 20 ಮಿ.ಮೀ. ಏರಿದರೆ 300ರ ರಫ್-ಇನ್ 280 ಆಗುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ ಕಮೋಡ್ ರಿಪೇರಿಯ ನಂತರ ವಾಪಸ್ ಕೂರುತ್ತಿಲ್ಲ ಎಂಬ ದೂರಿನ ಹಿಂದೆ ಇರುವುದು ಬಹುಪಾಲು ಇದೇ.

ಒಂದು ಪ್ರಕರಣ: 230ರ ಪೈಪ್ ಮೇಲೆ 300ರ ಕಮೋಡ್

ಮೇಲಿನ ಅಳತೆಯನ್ನೇ ತೆಗೆದುಕೊಳ್ಳೋಣ. ಪೈಪ್ ಗೋಡೆಯಿಂದ 230 ಮಿ.ಮೀ. ದೂರದಲ್ಲಿದೆ. ತಂದಿರುವುದು "ಎಸ್-ಟ್ರ್ಯಾಪ್ 300" ಎಂದು ಬರೆದ ಕಮೋಡ್. ಅದರ ಬಾಯಿಯ ನಡುವಿನಿಂದ ಟ್ಯಾಂಕ್‌ನ ಬೆನ್ನಿಗೆ 290 ಮಿ.ಮೀ. ಇದೆ. ಗೋಡೆಗೂ ಟ್ಯಾಂಕ್‌ಗೂ ನಡುವೆ 10 ಮಿ.ಮೀ. ಸಂದು ಉಳಿಯಲಿ ಎಂದು ತಯಾರಕರು ಹಾಗೆ ಇಟ್ಟಿರುತ್ತಾರೆ. ಈ ಕಮೋಡ್ 230ರ ಪೈಪ್ ಮೇಲೆ ಸರಿಯಾಗಿ ಕೂರಬೇಕಾದರೆ ಟ್ಯಾಂಕ್ ಗೋಡೆಯೊಳಗೆ 60 ಮಿ.ಮೀ. ಹೋಗಬೇಕು. ಅದು ಆಗದು. ಹಾಗಾಗಿ ಕೆಲಸದವರು ಕಮೋಡನ್ನು 60 ಮಿ.ಮೀ. ಮುಂದಕ್ಕೆ ಎಳೆದು, ಬುಡದ ಸುತ್ತ ಬಿಳಿ ಸಿಮೆಂಟ್ ಮೆತ್ತಿ ಮುಗಿಸುತ್ತಾರೆ. ಹೊರಗಿನಿಂದ ನೋಡಿದರೆ ಅಚ್ಚುಕಟ್ಟು.

ಒಳಗೆ ಆದದ್ದೇನು? ಬಾಯಿ ಮತ್ತು ಪೈಪ್ ಎರಡೂ ಸುಮಾರು 100 ಮಿ.ಮೀ. ಅಗಲದ ವೃತ್ತಗಳು ಎಂದುಕೊಳ್ಳಿ. ಅವುಗಳ ನಡುಬಿಂದುಗಳು 60 ಮಿ.ಮೀ. ಸರಿದರೆ ಒಂದರ ಮೇಲೊಂದು ಬೀಳುವ ಭಾಗ ಪೂರ್ತಿ ವಿಸ್ತೀರ್ಣದ ಶೇ. 28ರಷ್ಟು ಮಾತ್ರ. ಮೂರನೇ ಒಂದು ಭಾಗವೂ ಇಲ್ಲ. ಫ್ಲಶ್‌ನ ನೀರಿನ ಬಹುಪಾಲು ನೆಲದ ಕಾಂಕ್ರೀಟಿಗೆ ಬಡಿದು, ಬುಡದ ಕೆಳಗಿನ ಟೊಳ್ಳಿನಲ್ಲಿ ಹರಡಿ, ಆಮೇಲೆ ಪೈಪ್ ಹುಡುಕಿಕೊಂಡು ಹೋಗುತ್ತದೆ. ಮೊದಲ ಕೆಲವು ದಿನ ಸಿಮೆಂಟ್ ತಡೆದಿಡುತ್ತದೆ. ಜನ ಕೂತು ಏಳುವಾಗ ಬುಡ ಕೂದಲೆಳೆಯಷ್ಟು ಅಲುಗಿದರೂ ಸಿಮೆಂಟ್ ಬಿರಿಯುತ್ತದೆ, ನೀರು ಹೊರಬರುತ್ತದೆ. ಕಾಗದ ಆ ಅಂಚಿಗೆ ಸಿಕ್ಕಿಕೊಂಡು ಕಟ್ಟಿಕೊಳ್ಳುತ್ತದೆ. ಕೆಳಗೆ ಇನ್ನೊಂದು ಅಂತಸ್ತು ಇದ್ದರೆ ಅದರ ಚಾವಣಿಯಲ್ಲಿ ಒದ್ದೆ ಕಲೆ ಮೂಡುತ್ತದೆ.

ಇದಕ್ಕೆ ಪರಿಹಾರಗಳು ಮೂರು ಇವೆ. ಮೂರೂ ಒಂದೇ ತೂಕದವಲ್ಲ.

ಮೊದಲನೆಯದು ಕಮೋಡ್ ಬದಲಿಸುವುದು. 225ರ ಕಮೋಡ್ 230ರ ಪೈಪ್ ಮೇಲೆ ಸಲೀಸಾಗಿ ಕೂರುತ್ತದೆ, ಹಿಂದೆ 5 ಮಿ.ಮೀ. ಸಂದು ಹೆಚ್ಚಾಗುತ್ತದೆ ಅಷ್ಟೇ. ಕಮೋಡ್ ಇನ್ನೂ ಸಿಮೆಂಟ್ ಕಾಣದೆ ಚೊಕ್ಕವಾಗಿದ್ದರೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಸಿಮೆಂಟ್ ಹತ್ತಿದ ಮೇಲೆ ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳಲು ಒಪ್ಪುವುದು ಕಷ್ಟ.

ಎರಡನೆಯದು ಆಫ್‌ಸೆಟ್ ಕನೆಕ್ಟರ್, ಅಂದರೆ ಎರಡು ಬಾಯಿಗಳು ಒಂದೇ ಗೆರೆಯಲ್ಲಿ ಇಲ್ಲದ ಜೋಡಣೆ ತುಂಡು. ಸಾಮಾನ್ಯವಾಗಿ ಇದು 20 ಅಥವಾ 40 ಮಿ.ಮೀ. ವರೆಗಿನ ಓರೆಯನ್ನು ಸರಿಪಡಿಸುತ್ತದೆ. 60ಕ್ಕೆ ಇದು ಸಾಲದು. ಸಾಲುವ ಕಡೆಯಲ್ಲೂ ಅದು ದಾರಿಯನ್ನು ಸ್ವಲ್ಪ ತಿರುಚುವುದರಿಂದ 40ಕ್ಕಿಂತ 20ರದ್ದು ಮೇಲು, ಯಾವುದೂ ಬೇಡದಿದ್ದರೆ ಇನ್ನೂ ಮೇಲು. ಸುಕ್ಕುಸುಕ್ಕಾದ ಬಗ್ಗುವ ಕೊಳವೆಯನ್ನು ಈ ಜಾಗಕ್ಕೆ ಹಾಕಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಅದರ ಒಳಮೈಯ ಮಡಿಕೆಗಳಲ್ಲಿ ಮಲ ಮತ್ತು ಕಾಗದ ನಿಲ್ಲುತ್ತವೆ, ನಡುವೆ ಜೋತುಬಿದ್ದರೆ ನೀರೂ ನಿಲ್ಲುತ್ತದೆ.

ಮೂರನೆಯದು ನೆಲ ಒಡೆದು ಪೈಪನ್ನೇ ಸರಿಸುವುದು. ಬಚ್ಚಲುಮನೆಯನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡುತ್ತಿದ್ದರೆ ಇದು ಸರಿಯಾದ ದಾರಿ. ಒಂದು ಕಮೋಡ್‌ಗಾಗಿ ಮಾತ್ರ ನೆಲ ಒಡೆದರೆ ಜಲನಿರೋಧಕ ಪದರ ಹರಿದು ಹೊಸ ಸೋರಿಕೆಗೆ ದಾರಿಯಾಗುತ್ತದೆ.

ತಪ್ಪು ಉಲ್ಟಾ ಆಗಿದ್ದರೆ, ಅಂದರೆ 300ರ ಪೈಪ್ ಮೇಲೆ 225ರ ಕಮೋಡ್ ಬಂದಿದ್ದರೆ, ಕೂರುವುದೇನೋ ಕೂರುತ್ತದೆ. ಹಿಂದೆ 75 ಮಿ.ಮೀ. ಹೆಚ್ಚುವರಿ ಸಂದು ಉಳಿಯುತ್ತದೆ. ಒಂದೇ ತುಂಡಿನ ಕಮೋಡ್‌ಗೆ ಅದು ನೋಟದ ಕೊರತೆ ಮಾತ್ರ. ಟ್ಯಾಂಕ್ ಬೇರೆಯಾಗಿ ಬೋಲ್ಟ್ ಮಾಡುವ ಬಗೆಯಾದರೆ ಯಾರಾದರೂ ಹಿಂದಕ್ಕೆ ಒರಗಿದಾಗ ಭಾರವೆಲ್ಲ ಆ ಎರಡು ಮೂರು ಬೋಲ್ಟ್‌ಗಳ ಮೇಲೆ ಬೀಳುತ್ತದೆ. ರಬ್ಬರ್ ವಾಷರ್ ಸಡಿಲವಾಗಿ ಟ್ಯಾಂಕ್ ಮತ್ತು ಬಟ್ಟಲಿನ ನಡುವೆ ಸೋರುತ್ತದೆ. ಗೋಡೆಯ ಆ ಭಾಗವನ್ನು ಮುಂದಕ್ಕೆ ಕಟ್ಟಿ ಟೈಲ್ ಹಾಕಿದರೆ ಸರಿಹೋಗುತ್ತದೆ.

ಗೋಡೆಯ ಪೈಪ್ ಇದ್ದಾಗ

ಪಿ-ಟ್ರ್ಯಾಪ್‌ನಲ್ಲಿ ಎತ್ತರದ ತಪ್ಪು ಯಾವ ದಿಕ್ಕಿನದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೀರು ಹೋಗುವುದು ಇಳಿಜಾರಿನಲ್ಲಿ. ಕಮೋಡ್‌ನ ಬಾಯಿ ಪೈಪ್‌ಗಿಂತ 15–20 ಮಿ.ಮೀ. ಮೇಲಿದ್ದರೆ ಆಫ್‌ಸೆಟ್ ಕನೆಕ್ಟರನ್ನು ಕೆಳಮುಖವಾಗಿ ತಿರುಗಿಸಿ ಜೋಡಿಸಬಹುದು, ಹರಿವಿಗೆ ತೊಂದರೆಯಿಲ್ಲ. ಹಳೆಯ ನೆಲದ ಮೇಲೆಯೇ ಹೊಸ ಟೈಲ್ ಹಾಕಿದ ಕಡೆ ಹೀಗಾಗುತ್ತದೆ: ನೆಲ 20 ಏರಿತು, ಪೈಪ್ ಇದ್ದಲ್ಲೇ ಇದೆ, ಹಾಗಾಗಿ 180ರಲ್ಲಿದ್ದ ಪೈಪ್ ಹೊಸ ನೆಲದಿಂದ 160ಕ್ಕೆ ಬಂತು.

ಬಾಯಿ ಪೈಪ್‌ಗಿಂತ ಕೆಳಗಿದ್ದರೆ ಮಾತ್ರ ಕನೆಕ್ಟರ್‌ನಿಂದ ಸರಿಮಾಡಲು ಹೋಗಬೇಡಿ. ಜೋಡಣೆ ಕೂರುತ್ತದೆ, ಸೋರುವುದೂ ಇಲ್ಲ. ಆದರೆ ಪ್ರತಿ ಫ್ಲಶ್‌ನ ಕೊನೆಯಲ್ಲಿ ಸ್ವಲ್ಪ ನೀರು ಏರಲಾಗದೆ ಅಲ್ಲೇ ನಿಲ್ಲುತ್ತದೆ, ಗಟ್ಟಿ ಪದಾರ್ಥ ತಳದಲ್ಲಿ ಕೂರುತ್ತದೆ, ವಾರಗಳಲ್ಲಿ ಕಟ್ಟಿಕೊಳ್ಳುತ್ತದೆ. ಇದರ ಗುರುತು ಸ್ಪಷ್ಟ: ಒಮ್ಮೆ ಬಕೆಟ್ ನೀರು ರಭಸವಾಗಿ ಸುರಿದರೆ ಸರಿಯಾಗುತ್ತದೆ, ಕೆಲವು ದಿನಗಳಲ್ಲಿ ಮತ್ತೆ ಅದೇ ತೊಂದರೆ. ಇಲ್ಲಿನ ಪರಿಹಾರ ಕಮೋಡ್‌ನ ಕೆಳಗೆ ಗಟ್ಟಿ ಪೀಠ ಕಟ್ಟಿ ಎತ್ತರಿಸುವುದು. ಬಾಯಿ ಪೈಪ್‌ಗೆ ಸಮನಾಗುವಷ್ಟು ಎತ್ತರವಾದರೆ ಸಾಕು.

ಪೈಪ್ ಗೋಡೆಯಿಂದ ಎಷ್ಟು ಹೊರಚಾಚಿದೆ ಎಂಬುದನ್ನೂ ನೋಡಿ. 50 ಮಿ.ಮೀ. ಚಾಚಿಕೊಂಡಿದ್ದರೆ ಕಮೋಡ್ ಹಿಂದಕ್ಕೆ ಹೋಗುವುದಿಲ್ಲ, ಕತ್ತರಿಸಬೇಕು. ಗೋಡೆಯೊಳಗೆ ಹುದುಗಿದ್ದರೆ ಉದ್ದನೆಯ ಕನೆಕ್ಟರ್ ಬೇಕು. ಕನೆಕ್ಟರ್‌ನ ರಬ್ಬರ್ ರೆಕ್ಕೆಗಳೆಲ್ಲ ಪೈಪ್‌ನ ಒಳಗೆ ಹೋದರೆ ಮಾತ್ರ ಸೀಲ್ ಆಗುತ್ತದೆ. ಒಂದು ರೆಕ್ಕೆ ಹೊರಗೆ ಮಡಚಿಕೊಂಡಿದ್ದರೂ ವಾಸನೆ ಬರುತ್ತದೆ.

ಪಿ-ಟ್ರ್ಯಾಪ್ ಕಮೋಡನ್ನು 90 ಡಿಗ್ರಿ ಬೆಂಡ್ ಹಾಕಿ ನೆಲದ ಪೈಪ್‌ಗೆ ಇಳಿಸಬಹುದು. ನೆಲದ ಪೈಪ್ ಗೋಡೆಗೆ ಬಹಳ ಹತ್ತಿರವಿದ್ದಾಗ ಇದು ಒಳ್ಳೆಯ ಉಪಾಯ. ಕೊಳ್ಳುವ ಮೊದಲೇ ಬೆಂಡನ್ನು ಕಮೋಡ್‌ಗೆ ಸಿಕ್ಕಿಸಿ, ಟ್ಯಾಂಕ್‌ನ ಬೆನ್ನಿನಿಂದ ಬೆಂಡ್‌ನ ನಡುಬಿಂದುವಿಗೆ ಅಳೆದು, ನಿಮ್ಮ ರಫ್-ಇನ್‌ಗೆ ಹೋಲಿಸಿ. ಎಸ್-ಟ್ರ್ಯಾಪನ್ನು ಗೋಡೆಯ ಪೈಪ್‌ಗೆ ತಿರುಗಿಸಲು ಆಗುವುದಿಲ್ಲ. ಅದರ ಬಾಯಿ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ, ಬೆಂಡ್ ಕೂರಲು ಕೆಳಗೆ ಜಾಗವೇ ಇರುವುದಿಲ್ಲ.

ಕೂರಿಸಿ ಆಗಿದೆ, ಈಗ ತೊಂದರೆ: ಎಲ್ಲಿಂದ ಹುಡುಕುವುದು

ಬುಡದಲ್ಲಿ ನೀರು ಕಂಡರೆ ಅದು ಯಾವಾಗ ಬರುತ್ತದೆ ಎಂದು ಮೊದಲು ತಿಳಿಯಬೇಕು. ನೆಲವನ್ನು ಪೂರ್ತಿ ಒರಸಿ, ಬುಡದ ಸುತ್ತ ಒಣ ಟಿಶ್ಯೂ ಕಾಗದ ಹರಡಿ, ಒಂದು ಗಂಟೆ ಫ್ಲಶ್ ಮಾಡದೆ ಬಿಡಿ. ಕಾಗದ ಒದ್ದೆಯಾದರೆ ತೊಂದರೆ ಔಟ್‌ಲೆಟ್‌ನದ್ದಲ್ಲ, ನೀರು ಬರುವ ಕೊಳವೆ, ಆಂಗಲ್ ವಾಲ್ವ್ ಅಥವಾ ಟ್ಯಾಂಕ್ ಬೋಲ್ಟ್‌ನದ್ದು. ಒಣಗಿಯೇ ಇದ್ದರೆ ಬಟ್ಟಲಿನ ನೀರಿಗೆ ಅಡುಗೆ ಬಣ್ಣ ಬೆರೆಸಿ ಫ್ಲಶ್ ಮಾಡಿ. ಬಣ್ಣವನ್ನು ಟ್ಯಾಂಕ್‌ಗೆ ಹಾಕಬೇಡಿ, ಹಾಕಿದರೆ ಟ್ಯಾಂಕ್ ಬೋಲ್ಟ್‌ನ ಸೋರಿಕೆಯೂ ಬಣ್ಣದ್ದಾಗಿ ಗೊಂದಲವಾಗುತ್ತದೆ. ಬುಡದಿಂದ ಬಣ್ಣದ ನೀರು ಬಂದರೆ ಔಟ್‌ಲೆಟ್ ಜೋಡಣೆಯೇ ತಪ್ಪಿದೆ. ಹೊರಗಿನಿಂದ ಸಿಲಿಕೋನ್ ಹಚ್ಚಿ ಮುಚ್ಚಬೇಡಿ. ನೀರು ನಿಲ್ಲುವುದಿಲ್ಲ, ಕಾಣದಂತಾಗುತ್ತದೆ, ನೆಲದೊಳಗೆ ಇಳಿಯುತ್ತದೆ. ಕಮೋಡ್ ಎತ್ತಿ ಅಳತೆ ನೋಡಲೇಬೇಕು.

ನೀರಿಲ್ಲ, ವಾಸನೆ ಮಾತ್ರ ಇದೆ ಎಂದಾದರೆ ರಾತ್ರಿ ಬಟ್ಟಲಿನ ನೀರಿನ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಬೆಳಿಗ್ಗೆ ಮಟ್ಟ ಅಲ್ಲೇ ಇದ್ದರೆ ಒಳಗಿನ ನೀರಿನ ತಡೆ ಸರಿಯಾಗಿದೆ, ಗಾಳಿ ನುಸುಳುತ್ತಿರುವುದು ಜೋಡಣೆಯಿಂದ. ಮಟ್ಟ ಇಳಿದಿದ್ದರೆ ಕಮೋಡ್‌ನಲ್ಲಿ ಬಿರುಕಿರಬಹುದು ಅಥವಾ ಪೈಪ್‌ಗೆ ಗಾಳಿಕೊಳವೆ ಇಲ್ಲದೆ ನೀರು ಎಳೆದುಕೊಂಡು ಹೋಗುತ್ತಿರಬಹುದು. ಅದು ಬೇರೆಯೇ ತನಿಖೆ.

ಫ್ಲಶ್ ನಿಧಾನವಾದರೆ, ಅದರಲ್ಲೂ ಮೊದಲು ಅಲ್ಲಿ ಕುಕ್ಕರಗಾಲಿನ ಪ್ಯಾನ್ ಇದ್ದಿದ್ದರೆ, ನೆಲದೊಳಗೆ ಇನ್ನೊಂದು ಟ್ರ್ಯಾಪ್ ಉಳಿದಿದೆಯೇ ನೋಡಿ. ಆ ಪ್ಯಾನ್‌ಗಳಿಗೆ ಟ್ರ್ಯಾಪ್ ಪ್ರತ್ಯೇಕವಾಗಿ ಕೆಳಗೆ ಹೂತಿರುತ್ತದೆ. ಕಮೋಡ್‌ಗೆ ತನ್ನದೇ ಟ್ರ್ಯಾಪ್ ಇರುತ್ತದೆ. ಎರಡು ನೀರಿನ ತಡೆಗಳ ನಡುವೆ ಗಾಳಿ ಸಿಕ್ಕಿಕೊಂಡು ನೀರನ್ನು ಮುಂದೆ ಬಿಡುವುದಿಲ್ಲ. ಬಟ್ಟಲು ತುಂಬಿ ಗುಳುಗುಳು ಸದ್ದಾಗಿ ಇಳಿಯುತ್ತದೆ. ಇದನ್ನು ಕಂಡುಹಿಡಿಯಲು ಕಮೋಡ್ ಎತ್ತಿ ಟಾರ್ಚ್ ಬಿಟ್ಟು ನೋಡಿ. ಪೈಪ್‌ನ ಬಾಯಿಯಿಂದ ಸ್ವಲ್ಪ ಕೆಳಗೆ ನೀರು ನಿಂತಿದ್ದರೆ ಅದು ಟ್ರ್ಯಾಪ್ ಇರಬಹುದು, ಕಟ್ಟಿಕೊಂಡ ಪೈಪೂ ಇರಬಹುದು. ಒಂದು ಬಕೆಟ್ ನೀರನ್ನು ರಭಸವಾಗಿ ಸುರಿಯಿರಿ. ಸುರಿದದ್ದೆಲ್ಲ ಥಟ್ಟನೆ ಹೋಗಿ ನೀರು ಮತ್ತೆ ಅದೇ ಮಟ್ಟದಲ್ಲಿ ನಿಂತರೆ ಟ್ರ್ಯಾಪ್. ಮೇಲೇರಿ ನಿಧಾನವಾಗಿ ಇಳಿದರೆ ಕಟ್ಟಿಕೊಂಡಿದೆ. ಟ್ರ್ಯಾಪ್ ಎಂದು ಖಚಿತವಾದರೆ ಅದನ್ನು ಕಿತ್ತು ಬರಿಯ ಬೆಂಡ್ ಹಾಕದೆ ಬೇರೆ ದಾರಿಯಿಲ್ಲ. ಹೇಗೂ ನೆಲ ಒಡೆಯುವುದರಿಂದ ಪೈಪ್‌ನ ಬಾಯಿಯನ್ನು ಎಲ್ಲಿಗೆ ತರಬೇಕೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಕಮೋಡನ್ನು ಮೊದಲು ಆರಿಸಿ, ಅದರ ಅಳತೆಗೆ ತಕ್ಕಂತೆ ಪೈಪ್ ತನ್ನಿ.

ಸಿಮೆಂಟ್ ಕಲಸುವ ಮೊದಲು

ಪಿಂಗಾಣಿ ಭಟ್ಟಿಯಲ್ಲಿ ಸುಡುವಾಗ ಶೇ. 10ರ ಆಸುಪಾಸು ಕುಗ್ಗುತ್ತದೆ, ಎಲ್ಲ ತುಂಡುಗಳೂ ಒಂದೇ ಸಮ ಕುಗ್ಗುವುದಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಒಳಗಿರುವ ಕಮೋಡ್‌ಗೂ ಕೆಲವು ಮಿ.ಮೀ. ವ್ಯತ್ಯಾಸ ಇರಬಹುದು. ಕಮೋಡನ್ನು ದಪ್ಪ ರಟ್ಟಿನ ಮೇಲೆ ಮಲಗಿಸಿ, ಟ್ಯಾಂಕ್ ಜೋಡಿಸಿ, ಬಾಯಿಯ ನಡುವಿನಿಂದ ಟ್ಯಾಂಕ್‌ನ ಬೆನ್ನಿಗೆ ನೀವೇ ಅಳೆಯಿರಿ. ಈ ಸಂಖ್ಯೆ ನಿಮ್ಮ ರಫ್-ಇನ್‌ಗಿಂತ ಕನಿಷ್ಠ 5 ಮಿ.ಮೀ. ಕಡಿಮೆ ಇರಬೇಕು.

ಆಮೇಲೆ ಸಿಮೆಂಟ್, ಸಿಲಿಕೋನ್ ಯಾವುದೂ ಇಲ್ಲದೆ ಒಣದಾಗಿ ಕೂರಿಸಿ ನೋಡಿ. ನೆಲದ ಮೇಲೆ ಪೈಪ್‌ನ ನಡುವೆ ಹಾಯುವಂತೆ ಎರಡು ಅಡ್ಡಗೆರೆ ಎಳೆದು, ಬುಡದಾಚೆಗೂ ಕಾಣುವಷ್ಟು ಉದ್ದ ಬಿಡಿ. ಕಮೋಡ್‌ನ ಪಕ್ಕಗಳಲ್ಲಿಯೂ ಅದರ ಬಾಯಿಯ ನಡುಗೆರೆಯನ್ನು ಪೆನ್ಸಿಲ್‌ನಲ್ಲಿ ಗುರುತಿಸಿ. ಇಳಿಸಿದಾಗ ಗೆರೆಗಳು 5 ಮಿ.ಮೀ. ಒಳಗೆ ಕೂಡಬೇಕು. ರಸಮಟ್ಟ ಇಟ್ಟು ಅಡ್ಡ, ಉದ್ದ ಎರಡೂ ನೋಡಿ. ಅಲ್ಲಾಡಿದರೆ ತೆಳು ಪ್ಲಾಸ್ಟಿಕ್ ಚಕ್ಕೆಗಳನ್ನು ಕೆಳಗೆ ಕೊಟ್ಟು ನಿಲ್ಲಿಸಿ, ಬೋಲ್ಟ್ ಬಿಗಿದು ಅಲ್ಲಾಟ ನಿಲ್ಲಿಸಲು ಹೋದರೆ ಬುಡ ಸೀಳುತ್ತದೆ. ಔಟ್‌ಲೆಟ್ ಜೋಡಣೆಗೆ ಸಿಮೆಂಟ್ ಬಳಸಬೇಡಿ, ರಬ್ಬರ್ ಕನೆಕ್ಟರ್ ಅಥವಾ ಫ್ಲೇಂಜ್ ಇದ್ದಲ್ಲಿ ಮೇಣದ ಉಂಗುರ ಬಳಸಿ. ಮೇಣದ ಉಂಗುರವನ್ನು ಒಣ ಪರೀಕ್ಷೆಯ ವೇಳೆ ಇಡಬೇಡಿ, ಒಮ್ಮೆ ಅದುಮಿದ ಮೇಲೆ ಅದು ಮತ್ತೆ ಸೀಲ್ ಆಗುವುದಿಲ್ಲ.

ಕೂರಿಸಿದ ಮೇಲೆ ಬುಡದ ಸುತ್ತ ಸಿಲಿಕೋನ್ ಹಚ್ಚುವಾಗ ಹಿಂಭಾಗದಲ್ಲಿ ಬೆರಳಗಲದಷ್ಟು ಜಾಗ ಬಿಟ್ಟುಬಿಡಿ. ಮುಂದೆಂದಾದರೂ ಒಳಗಿನ ಜೋಡಣೆ ಸೋರಿದರೆ ನೀರು ಮೊದಲು ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ.